ಕಾಂಪೊಸಿಷನ್ ಅಂಗಡಿಗೆ ಬಿಲ್ಲಿಂಗ್ ಆ್ಯಪ್: ಬಿಲ್ ಚೆನ್ನಾಗಿದೆ, ತಿಂಗಳ ಲೆಕ್ಕ ನಂಬೋ ಹಾಗಿಲ್ಲ

ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮದು ಪೈಪು, ಸ್ವಿಚ್ಚು, ವೈರು ಮಾರುವ ಸಣ್ಣ ಅಂಗಡಿ. ಜಿಎಸ್‌ಟಿಯಲ್ಲಿ ನಾವು ಕಾಂಪೊಸಿಷನ್ ಸ್ಕೀಮ್‌ನವರು, ಅಂದರೆ ಗ್ರಾಹಕರಿಂದ ತೆರಿಗೆ ವಸೂಲಿ ಮಾಡದೆ ಮಾರಾಟದ ಮೇಲೆ 1% ಕೈಯಿಂದ ಕಟ್ಟುವವರು. ಕಾಂಪೊಸಿಷನ್‌ಗೆ ವರ್ಷದ ವಹಿವಾಟು ಒಂದೂವರೆ ಕೋಟಿ ಮೀರಬಾರದು. ನಾವು ಅದರ ಹತ್ತಿರಕ್ಕೂ ಹೋಗಲ್ಲ. ಈ ಮೊಬೈಲ್ ಆ್ಯಪ್ ಬಳಸುತ್ತಾ ಕೆಲವು ವರ್ಷಗಳೇ ಆದವು. ಹೆಸರು ಬೇಡ. 5ಕ್ಕೆ 3 ಸ್ಟಾರ್ ಕೊಡುತ್ತೇನೆ.

ಮೊದಲು ಒಳ್ಳೆಯದು. ಮಾರಾಟದ ಬಿಲ್ ಸರಿಯಾಗಿ ಬರುತ್ತದೆ. ಮೇಲೆ ‘ಬಿಲ್ ಆಫ್ ಸಪ್ಲೈ’ ಅಂತ ಇರುತ್ತದೆ. ಕಾಂಪೊಸಿಷನ್‌ನವರು ತೆರಿಗೆ ವಸೂಲಿ ಮಾಡುವಂತಿಲ್ಲ ಅನ್ನುವ ಕಡ್ಡಾಯದ ಸಾಲನ್ನೂ ತಾನೇ ಹಾಕುತ್ತದೆ. ತೆರಿಗೆ ಕಾಲಂ ಇಲ್ಲ. ಯಾರಾದರೂ ಕಂಟ್ರಾಕ್ಟರ್ ಬಂದು "ಜಿಎಸ್‌ಟಿ ಬಿಲ್ ಕೊಡ್ರೀ, ಕ್ರೆಡಿಟ್ ತಗೋಬೇಕು" ಅಂದರೆ ಆ ಸಾಲು ತೋರಿಸಿದರೆ ಸಾಕು. ಸುಮ್ನೆ ವಾದ ಬೇಕಿಲ್ಲ.

ತೊಂದರೆ ಇರುವುದು ತಿಂಗಳ ವರದಿಯಲ್ಲಿ. ಒಂದು ಖರೀದಿ ಬಿಲ್ ಇಟ್ಟುಕೊಂಡೇ ಹೇಳುತ್ತೇನೆ.

ಬೆಂಗಳೂರಿನ ಹೋಲ್‌ಸೇಲ್‌ನಿಂದ 10 ಪಿವಿಸಿ ಪೈಪ್ ತರಿಸಿದೆವು ಅಂದುಕೊಳ್ಳಿ. ಬೆಲೆ 10,000, ಡಿಸ್ಕೌಂಟ್ 500. ತೆರಿಗೆ ಬೀಳುವುದು ಉಳಿದ 9,500ರ ಮೇಲೆ. ರಾಜ್ಯದೊಳಗಿನ ಖರೀದಿ, ಹಾಗಾಗಿ ಸಿಜಿಎಸ್‌ಟಿ 9% ಅಂದರೆ 855, ಎಸ್‌ಜಿಎಸ್‌ಟಿ ಇನ್ನೊಂದು 855. ಒಟ್ಟು 11,210. ರೆಗ್ಯುಲರ್ ಡೀಲರ್‌ಗಾದರೆ ಆ 1,710 ಕ್ರೆಡಿಟ್ ಆಗಿ ವಾಪಸ್ ಬರುತ್ತದೆ. ನಮಗೆ ಬರಲ್ಲ. ಹಾಗಾಗಿ ನಮ್ಮ ಅಸಲು ಒಂದು ಪೈಪಿಗೆ 950 ಅಲ್ಲ, 1,121.

ಆ್ಯಪ್ ಮಾತ್ರ 950ನ್ನೇ ಅಸಲು ಅಂತ ಹಿಡಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಕಾಂಪೊಸಿಷನ್ ಅಂತ ಆರಿಸಿದ್ದರೂ ಅದು ಮಾರಾಟದ ಬಿಲ್‌ಗಷ್ಟೇ ಅನ್ವಯ. ಪೈಪನ್ನು 1,300ಕ್ಕೆ ಮಾರಿದರೆ ಲಾಭ 350 ಅನ್ನುತ್ತದೆ. ನಿಜದಲ್ಲಿ 1,121 ಕಳೆದು 179, ಅದರಲ್ಲಿ ನಾವು ಕೈಯಿಂದ ಕಟ್ಟುವ 1% ಅಂದರೆ 13 ಹೋಗಿ ಉಳಿಯುವುದು 166. ಅರ್ಧಕ್ಕಿಂತ ಕಮ್ಮಿ! ಈ 350 ನೋಡಿಕೊಂಡು ಪ್ಲಂಬರ್‌ಗೆ 200 ಬಿಟ್ಟರೆ ಪೈಪನ್ನು ನಷ್ಟಕ್ಕೇ ಕೊಟ್ಟ ಹಾಗೆ. ವರದಿಯ ಕೊನೆಯಲ್ಲಿ ‘ಇನ್‌ಪುಟ್ ಕ್ರೆಡಿಟ್ ಬಾಕಿ’ ಅಂತ ಹಸಿರು ಬಣ್ಣದಲ್ಲಿ ಒಂದು ಮೊತ್ತ ಕಾಣಿಸಿದರೆ ಇದೇ ಕಥೆ ಅಂತ ತಿಳಿಯಿರಿ. ಕಾಂಪೊಸಿಷನ್‌ನವರ ವರದಿಯಲ್ಲಿ ಆ ಸಾಲೇ ಇರಬಾರದು.

ಪೈಪಿನ ದರವನ್ನೇ 1,121 ಅಂತ ಹಾಕಿ ತೆರಿಗೆ ಸೊನ್ನೆ ಮಾಡಿದರೆ ಲಾಭ ಸರಿ ಬರುತ್ತದೆ. ಆದರೆ ಆಗ ತೆರಿಗೆ ವಿವರ ಕಳೆದುಹೋಗುತ್ತದೆ. ವರ್ಷಕ್ಕೊಮ್ಮೆ ತುಂಬುವ GSTR-4ರಲ್ಲಿ ಯಾವ ಸಪ್ಲೈಯರ್ ಹತ್ತಿರ ಯಾವ ದರದ ಮಾಲು ಎಷ್ಟು ತಂದಿರಿ ಅಂತ ಬರೆಯಬೇಕು. ಅದಕ್ಕೇ ನಾನು ಖರೀದಿ ಬಿಲ್‌ಗಳನ್ನು ಬೇರೆ ಫೈಲ್‌ನಲ್ಲಿ ಇಡುತ್ತೇನೆ. ಬಿಲ್‌ನಲ್ಲಿ ನಮ್ಮ ಜಿಎಸ್‌ಟಿ ನಂಬರ್ ಇದೆಯಾ ಅಂತ ಮಾಲು ಇಳಿಸುವಾಗಲೇ ನೋಡುತ್ತೇನೆ. ಇಲ್ಲದಿದ್ದರೆ ಆ ಖರೀದಿ ಪೋರ್ಟಲ್‌ನ GSTR-4Aಯಲ್ಲಿ ಕಾಣಿಸಲ್ಲ.

ವರದಿ ತಿಂಗಳದ್ದು ಅಂತ ತಿಂಗಳು ತಿಂಗಳು ರಿಟರ್ನ್ ಅಂದುಕೊಳ್ಳಬೇಡಿ. ನಮಗೆ ಮೂರು ತಿಂಗಳಿಗೊಮ್ಮೆ CMP-08. ಏಪ್ರಿಲ್‌ನಿಂದ ಜೂನ್‌ವರೆಗಿನದನ್ನು ಜುಲೈ 18ರೊಳಗೆ ಕಟ್ಟಬೇಕು. ಮೂರು ತಿಂಗಳ ಮಾರಾಟ 1,80,000, 1,65,000, 1,95,000 ಅಂದರೆ ಒಟ್ಟು 5,40,000. ತೆರಿಗೆ 5,400, ಕೇಂದ್ರಕ್ಕೆ 2,700, ರಾಜ್ಯಕ್ಕೆ 2,700. ಮಾರಾಟದ ಮೊತ್ತ ಆ್ಯಪ್‌ನಲ್ಲಿ ಸರಿಯಾಗಿಯೇ ಇರುತ್ತದೆ, ಈ ಕೆಲಸಕ್ಕೆ ನಂಬಬಹುದು.

ಆದರೆ ಅದು ಲಾರಿ ಬಾಡಿಗೆಯನ್ನು ಬರೀ ಖರ್ಚು ಅಂತ ನೋಡುತ್ತದೆ. ಟ್ರಾನ್ಸ್‌ಪೋರ್ಟ್ ಆಫೀಸಿನಿಂದ ‘ಟು ಪೇ’ ಎಲ್‌ಆರ್‌ನಲ್ಲಿ ಮಾಲು ಬಂದು, ಬಾಡಿಗೆ 2,400 ನಾವೇ ಕೊಟ್ಟು, ಅವರು ತೆರಿಗೆ ಹಾಕಿಲ್ಲ ಅಂದರೆ ರಿವರ್ಸ್ ಚಾರ್ಜ್‌ನಲ್ಲಿ 5%, ಅಂದರೆ 120 ನಾವೇ ಕಟ್ಟಬೇಕು. CMP-08ರಲ್ಲಿ ಅದಕ್ಕೆ ಬೇರೆ ಸಾಲಿದೆ, ಆ್ಯಪ್‌ನಲ್ಲಿ ಇಲ್ಲ. ಕಸ್ಟಮರ್ ಕೇರ್‌ಗೆ ಬರೆದಿದ್ದೆ. "ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತೆ ಸರ್" ಅಂದರು. ಆಮೇಲೆ ಅಪ್‌ಡೇಟ್ ಬಂದಿದ್ದು ದೀಪಾವಳಿ ಶುಭಾಶಯದ ಪೋಸ್ಟರ್ ಮಾಡೋಕೆ.