ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್‌ಗೆ 10 ಇಂಚಿನ ಸಬ್‌ವೂಫರ್: ಕೆಲವು ವರ್ಷ ಬಳಸಿದ ಮೇಲೆ ಕ್ರಾಸ್‌ಓವರ್ ಮತ್ತು ಫೇಸ್ ಬಗ್ಗೆ

ಈ ಸಬ್‌ವೂಫರ್ ಕೆಲವು ವರ್ಷಗಳಿಂದ ನನ್ನ ಹತ್ತಿರ ಇದೆ. 10 ಇಂಚಿನ ಕೋನ್, ಪೋರ್ಟ್ ಇಲ್ಲದ ಮುಚ್ಚಿದ ಪೆಟ್ಟಿಗೆ, ಒಳಗೇ ಆಂಪ್. ಹಿಂಬದಿಯಲ್ಲಿ ಮೂರು ನಾಬ್‌ಗಳಿವೆ: ವಾಲ್ಯೂಮ್, 40ರಿಂದ 160 ಹರ್ಟ್ಸ್‌ವರೆಗೆ ತಿರುಗುವ ಕ್ರಾಸ್‌ಓವರ್, 0ಯಿಂದ 180 ಡಿಗ್ರಿವರೆಗೆ ತಿರುಗುವ ಫೇಸ್. ಇದರ ಜೊತೆ ಹಾಡುವುದು 5 ಇಂಚಿನ ವೂಫರ್ ಇರುವ ಒಂದು ಜೋಡಿ ಬುಕ್‌ಶೆಲ್ಫ್ ಸ್ಪೀಕರ್. ಅವಕ್ಕೆ ಹಿಂದೆ ಪೋರ್ಟ್ ಇದೆ. ಶುರುವಿನಲ್ಲಿ ಇವನ್ನು ಓಡಿಸುತ್ತಿದ್ದುದು ಮಾಮೂಲಿ ಸ್ಟೀರಿಯೊ ಆಂಪ್.

ಪೆಟ್ಟಿಗೆಯ ಶಕ್ತಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಸಾಧಾರಣ ಕೋಣೆಗೆ ಬೇಕಾದದ್ದಕ್ಕಿಂತ ಜಾಸ್ತಿಯೇ ಇದೆ. ಆದರೆ ಸಬ್ ಎಲ್ಲಿದೆ ಅಂತ ಕಿವಿಗೆ ಗೊತ್ತಾಗದ ಹಾಗೆ ಅದು ಸ್ಪೀಕರ್ ಜೊತೆ ಬೆರೆಯಬೇಕು ಅಲ್ವಾ? ಅದು ಪೂರ್ತಿ ಎರಡು ನಾಬ್‌ಗಳ ಮೇಲೆ ನಿಂತಿದೆ. ಕೈಪಿಡಿ ಅವುಗಳಿಗೆ ಕೊಟ್ಟಿರುವುದು ನಾಲ್ಕು ಸಾಲು ಮಾತ್ರ. ಹಾಗಾಗಿ ಈ ವಿಮರ್ಶೆಯ ಬಹುಪಾಲು ಅವಕ್ಕೇ ಮೀಸಲು.

ಮೊದಲು ಕ್ರಾಸ್‌ಓವರ್. ಯಾರನ್ನು ಕೇಳಿದರೂ 80 ಹರ್ಟ್ಸ್‌ಗೆ ಇಡಿ ಅನ್ನುತ್ತಾರೆ. ಆ ಸಂಖ್ಯೆ ತಪ್ಪಲ್ಲ, ಆದರೆ ಅದಕ್ಕೊಂದು ಷರತ್ತಿದೆ. ಹೋಮ್ ಥಿಯೇಟರ್ ರಿಸೀವರ್‌ನಲ್ಲಿ 80ಕ್ಕೆ ಇಟ್ಟರೆ ಎರಡು ಕೆಲಸ ಆಗುತ್ತದೆ. 80ಕ್ಕಿಂತ ಕೆಳಗಿನದು ಸಬ್‌ಗೆ ಹೋಗುತ್ತದೆ. ಅಷ್ಟೇ ಅಲ್ಲ, ಅದೇ ಕೆಳಗಿನ ಭಾಗ ಸ್ಪೀಕರ್‌ಗೆ ಹೋಗದ ಹಾಗೆ ಹೈಪಾಸ್ ಫಿಲ್ಟರ್ ತಡೆಯುತ್ತದೆ. ಮಾಮೂಲಿ ಸ್ಟೀರಿಯೊ ಆಂಪ್‌ನಲ್ಲಿ ಈ ಎರಡನೇ ಕೆಲಸ ಆಗುವುದಿಲ್ಲ. ಸಬ್‌ನ ಹಿಂದಿರುವ ನಾಬ್ ಸಬ್ ಎಲ್ಲಿಯವರೆಗೆ ಮೇಲೆ ಹಾಡಬೇಕು ಅನ್ನುವುದನ್ನು ಮಾತ್ರ ನಿರ್ಧರಿಸುತ್ತದೆ. ಸ್ಪೀಕರ್‌ಗಳು ತಮ್ಮ ಕೈಲಾದಷ್ಟು ಕೆಳಗೆ ಹಾಡುತ್ತಲೇ ಇರುತ್ತವೆ.

ನನ್ನ ಜೋಡಿಯಲ್ಲಿ ನಾಬನ್ನು 80ಕ್ಕೆ ಇಟ್ಟಾಗ 60ರಿಂದ 100 ಹರ್ಟ್ಸ್‌ವರೆಗೆ ಸಬ್ ಮತ್ತು ಸ್ಪೀಕರ್ ಎರಡೂ ಒಟ್ಟಿಗೆ ಹಾಡುತ್ತಿದ್ದವು. ಸಬ್‌ನ ಫಿಲ್ಟರ್ ಗೋಡೆಯಲ್ಲ, ಇಳಿಜಾರು. 80ರ ಮೇಲೂ ಸಬ್ ಸ್ವಲ್ಪ ದೂರ ಕೇಳಿಸುತ್ತದೆ. ಪರಿಣಾಮ ಗಂಡಸರ ದನಿಯಲ್ಲಿ ತಕ್ಷಣ ಗೊತ್ತಾಗುತ್ತದೆ. ವಾರ್ತೆ ಓದುವವರು ಡ್ರಮ್ಮಿನೊಳಗೆ ಕೂತು ಮಾತಾಡಿದ ಹಾಗೆ ದನಿ ದಪ್ಪಗಾಗುತ್ತದೆ. ಸಬ್ ಇರುವ ಮೂಲೆಯಿಂದಲೇ ಬೇಸ್ ಬರುತ್ತಿದೆ ಅನಿಸುವುದೂ ಆಗಲೇ. ಬೇಸ್ ಜಾಸ್ತಿಯಾಯಿತು ಅಂದುಕೊಂಡು ಎಲ್ಲರೂ ವಾಲ್ಯೂಮ್ ಇಳಿಸುತ್ತಾರೆ. ಆಗ ಕೆಳಗಿನ 30, 40 ಹರ್ಟ್ಸ್ ಮಾಯವಾಗುತ್ತದೆ, ಆ ಉಬ್ಬು ಮಾತ್ರ ಅಲ್ಲೇ ಉಳಿಯುತ್ತದೆ.

ಹೈಪಾಸ್ ಇಲ್ಲದಿದ್ದರೆ ಸ್ಪೀಕರ್ ತಾನಾಗಿ ಇಳಿಯುವ ಜಾಗವನ್ನು ಹುಡುಕಿ, ಸಬ್ ಅಲ್ಲಿಗೆ ಬಂದು ಸೇರುವ ಹಾಗೆ ಇಡಬೇಕು. ನನ್ನ ಸ್ಪೀಕರ್ ಡಬ್ಬಿಯ ಮೇಲೆ 55 ಹರ್ಟ್ಸ್ ಅಂತ ಬರೆದಿತ್ತು. ಆ ಸಂಖ್ಯೆಯನ್ನು ಸುಮ್ನೆ ನಂಬಬೇಡಿ. ಗೋಡೆ ಎಷ್ಟು ಹತ್ತಿರ, ನೀವು ಎಲ್ಲಿ ಕೂರುತ್ತೀರಿ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಸಬ್ ಆಫ್ ಮಾಡಿ, ಕೂರುವ ಜಾಗದಲ್ಲಿ ಮೈಕ್ ಇಟ್ಟು REW ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಅಳೆದೆ. ಸ್ಪೀಕರ್‌ಗಳು 70ರ ಆಸುಪಾಸಿನಲ್ಲಿ ಇಳಿಯಲು ಶುರುಮಾಡಿ, 50 ದಾಟಿದ ಮೇಲೆ ಬೇಗ ಬೇಗ ಕೆಳಗೆ ಬಿದ್ದವು. ಪೋರ್ಟ್ ಇರುವ ಸ್ಪೀಕರ್ ಹೀಗೆಯೇ ಕಡಿದಾಗಿ ಇಳಿಯುತ್ತದೆ, ಮುಚ್ಚಿದ ಪೆಟ್ಟಿಗೆಯದು ನಿಧಾನವಾಗಿ. ನಾನು ನಾಬನ್ನು 60ರ ಹತ್ತಿರ ತಂದೆ. ದನಿಯ ದಪ್ಪ ಅಲ್ಲಿಗೇ ಹೋಯಿತು.

ಮೈಕ್ ಇಲ್ಲದಿದ್ದರೂ ದಾರಿ ಇದೆ. ಬೇಸ್ ಗಿಟಾರ್‌ನ ಒಂದೊಂದೇ ಸ್ವರ ಮೆಟ್ಟಿಲ ಹಾಗೆ ಮೇಲೇರುವ ರೆಕಾರ್ಡಿಂಗ್ ಹಾಕಿ. ಅದರ ನಾಲ್ಕು ತಂತಿಗಳನ್ನು ಬಿಡಿಯಾಗಿ ಮೀಟಿದರೆ ಸುಮಾರು 41, 55, 73 ಮತ್ತು 98 ಹರ್ಟ್ಸ್ ಬರುತ್ತವೆ. ಅಂದರೆ ನಮಗೆ ಬೇಕಾದ ಜಾಗವನ್ನು ಪೂರ್ತಿ ಹಾದುಹೋಗುತ್ತದೆ. ಎಲ್ಲ ಸ್ವರಗಳೂ ಒಂದೇ ಗಟ್ಟಿತನದಲ್ಲಿ ಕೇಳಬೇಕು. ಮಧ್ಯದ ಎರಡು ಮೂರು ಸ್ವರಗಳು ಉಬ್ಬಿದರೆ ಕ್ರಾಸ್‌ಓವರ್ ಮೇಲಿದೆ ಅಂತ ಅನುಮಾನಿಸಿ. ಅವು ಬಡವಾದರೆ ಎರಡು ಕಾರಣ ಇರಬಹುದು. ಕ್ರಾಸ್‌ಓವರ್ ತೀರಾ ಕೆಳಗಿದೆ, ಇಲ್ಲವೇ ಫೇಸ್ ಹೊಂದಿಲ್ಲ.

ಇಲ್ಲಿಂದ ಫೇಸ್ ಕೆಲಸ ಶುರು. ಉಯ್ಯಾಲೆಯನ್ನು ಇಬ್ಬರು ತಳ್ಳುವಾಗ ಇಬ್ಬರ ಕೈಯೂ ಸರಿಯಾದ ಹೊತ್ತಿಗೆ ತಾಗಬೇಕು. ಒಬ್ಬರು ತಳ್ಳುವಾಗ ಇನ್ನೊಬ್ಬರು ಎಳೆದರೆ ಅದು ನಿಲ್ಲುತ್ತದೆ. 60 ಹರ್ಟ್ಸ್‌ನಲ್ಲಿ ಸಬ್ ಮತ್ತು ಸ್ಪೀಕರ್ ಎರಡೂ ಸಮನಾಗಿ ಹಾಡುತ್ತಿದ್ದು, ಅಲೆಗಳು ಒಟ್ಟಿಗೆ ಬಂದರೆ 6 ಡೆಸಿಬೆಲ್ ಏರುತ್ತದೆ. ಎದುರುಬದುರಾದರೆ ಅಲ್ಲಿ ಗುಂಡಿ ಬೀಳುತ್ತದೆ.

ಟೇಪ್ ಹಿಡಿದು ದೂರ ಅಳೆದರೆ ಸಾಕಲ್ವಾ ಅನಿಸಬಹುದು. 60 ಹರ್ಟ್ಸ್‌ನ ಒಂದು ಅಲೆ ಸುಮಾರು 5.7 ಮೀಟರ್ ಉದ್ದ. ನನ್ನ ಸ್ಪೀಕರ್‌ಗಳು ಕುರ್ಚಿಯಿಂದ 2.2 ಮೀಟರ್, ಸಬ್ 3.6 ಮೀಟರ್. 1.4 ಮೀಟರ್ ವ್ಯತ್ಯಾಸ ಅಂದರೆ ಹೆಚ್ಚುಕಡಿಮೆ ಕಾಲು ಅಲೆ, 90 ಡಿಗ್ರಿ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಸಬ್‌ನ ಫಿಲ್ಟರ್ ತಾನೇ ಒಂದಷ್ಟು ಫೇಸ್ ತಿರುಗಿಸುತ್ತದೆ. ಸ್ಪೀಕರ್‌ನ ಪೋರ್ಟ್ ಅದನ್ನು ಬೇರೆ ದಿಕ್ಕಿಗೆ ತಿರುಗಿಸುತ್ತದೆ. ಸಬ್ ಒಳಗೆ ಡಿಜಿಟಲ್ ಪ್ರೊಸೆಸಿಂಗ್ ಇದ್ದರೆ ಅದರ ತಡವೂ ಸೇರುತ್ತದೆ. ಅದಕ್ಕೇ ಲೆಕ್ಕ ಹಾಕುವುದಕ್ಕಿಂತ ಕೇಳಿ ಹೊಂದಿಸುವುದು ವಾಸಿ.

ಹೊಂದಿಸುವಾಗ ಅತಿ ಗಟ್ಟಿಯಾದ ಜಾಗವನ್ನು ಹುಡುಕಬಾರದು, ಅತಿ ಮೆಲ್ಲಗಾಗುವ ಜಾಗವನ್ನು ಹುಡುಕಬೇಕು. ಗಟ್ಟಿಯಾದ ಜಾಗ ಅಗಲವಾಗಿರುತ್ತದೆ. ಅಲ್ಲಿ ನಾಬ್ 30 ಡಿಗ್ರಿ ಆಚೀಚೆ ಆದರೂ ಕಿವಿಗೆ ಗೊತ್ತಾಗುವುದಿಲ್ಲ. ಗುಂಡಿ ಮಾತ್ರ ಕಿರಿದು, ಚೂರು ತಿರುಗಿಸಿದರೂ ಗೊತ್ತಾಗುತ್ತದೆ.

ನಾನು ಮಾಡಿದ್ದು ಹೀಗೆ. ಆಂಪ್ ಆಫ್ ಮಾಡಿ ಎರಡೂ ಸ್ಪೀಕರ್‌ಗಳ ಹಿಂದೆ ಪ್ಲಸ್ ಮೈನಸ್ ತಂತಿಗಳನ್ನು ಅದಲುಬದಲು ಮಾಡಿದೆ. ಎರಡರದ್ದೂ ಮಾಡಬೇಕು, ಒಂದರದ್ದು ಮಾತ್ರ ಅಲ್ಲ. ಆಮೇಲೆ 60 ಹರ್ಟ್ಸ್‌ನ ಒಂದೇ ಟೋನ್ ಹಾಕಿದೆ, ಸಾಧಾರಣ ಗಟ್ಟಿತನದಲ್ಲಿ. ಚಿಕ್ಕ ವೂಫರ್‌ಗೆ ಇಂಥ ಟೋನನ್ನು ಜೋರಾಗಿ ಹೊತ್ತುಗಟ್ಟಲೆ ಕೊಡಬಾರದು. ಸ್ಪೀಕರ್ ಮಾತ್ರ ಹಾಡಿದಾಗ ಮೀಟರ್ 72 ಡೆಸಿಬೆಲ್ ತೋರಿಸಿತು. ಸಬ್ ಮಾತ್ರ ಹಾಡಿಸಿ, ಅದನ್ನೂ 72ಕ್ಕೆ ತಂದೆ. ಎರಡೂ ಸಮನಾಗಿಲ್ಲದಿದ್ದರೆ ಗುಂಡಿ ಆಳವಾಗುವುದಿಲ್ಲ. ಮೀಟರ್ ಆಗಿ ಫೋನಿನ ಆಪ್ ಕೂಡ ಆಗುತ್ತದೆ. ಫೋನಿನ ಮೈಕ್ ಕೆಳಗಿನ ಬೇಸನ್ನು ಕಡಿಮೆ ತೋರಿಸಿದರೂ, ಒಂದೇ ಟೋನ್‌ನಲ್ಲಿ ಹೋಲಿಸುವುದಕ್ಕೆ ಅದು ಅಡ್ಡಿಯಲ್ಲ.

ಎರಡನ್ನೂ ಒಟ್ಟಿಗೆ ಹಾಡಿಸಿ ನಾನು ಕುರ್ಚಿಯಲ್ಲಿ ಕೂತೆ. ತಂಗಿ ಸಬ್ ಹಿಂದೆ ಕೂತು ಫೇಸ್ ನಾಬನ್ನು ನಿಧಾನವಾಗಿ ತಿರುಗಿಸಿದಳು. ಇದನ್ನು ಒಬ್ಬರೇ ಮಾಡುವುದು ಕಷ್ಟ, ಸಬ್ ಹತ್ತಿರ ಬಗ್ಗಿ ಕೇಳುವ ಶಬ್ದವೇ ಬೇರೆ. 0ಯಲ್ಲಿ 70ರ ಹತ್ತಿರ ಇದ್ದ ಮೀಟರ್ ಇಳಿಯುತ್ತಾ ಹೋಗಿ ನಾಬ್‌ನ ಅರ್ಧ ದಾರಿಗಿಂತ ಸ್ವಲ್ಪ ಮೊದಲು 58ಕ್ಕೆ ಬಿತ್ತು. ಅಲ್ಲಿಂದ ಮುಂದೆ ಮತ್ತೆ ಏರತೊಡಗಿತು. ನಾಬನ್ನು ಅಲ್ಲಿಗೇ ನಿಲ್ಲಿಸಿ, ತಂತಿಗಳನ್ನು ಮೊದಲಿನ ಹಾಗೆ ಸರಿಯಾಗಿ ಸಿಕ್ಕಿಸಿದೆ. ಮೀಟರ್ 78 ತೋರಿಸಿತು. 72ರ ಮೇಲೆ ಪೂರ್ತಿ 6, ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಸಾಧ್ಯವಿಲ್ಲ.

ಸ್ಪೀಕರ್ ತಂತಿ ತಿರುವಿದಾಗ ನಾಬ್‌ನಲ್ಲಿ ಎಲ್ಲೂ ಗುಂಡಿ ಸಿಗದೆಯೂ ಇರಬಹುದು. ಆಗ ತಂತಿ ಸರಿಯಿರುವಾಗಲೇ ಹುಡುಕಿ. ಅಲ್ಲಿ ಸಿಕ್ಕರೆ, ನಾಬನ್ನು ಅಲ್ಲೇ ಬಿಟ್ಟು ಎರಡೂ ಸ್ಪೀಕರ್‌ಗಳ ತಂತಿ ತಿರುವಿ, ಹಾಗೆಯೇ ಇಟ್ಟುಕೊಳ್ಳಿ. ಎರಡೂ ಒಂದೇ ರೀತಿ ತಿರುವಿರುವವರೆಗೆ ಅದರಿಂದ ಯಾವ ಹಾನಿಯೂ ಇಲ್ಲ.

ಇನ್ನೊಂದು ಗುಂಡಿ ಇದೆ, ಅದು ಫೇಸ್‌ನದ್ದಲ್ಲ, ಕೋಣೆಯದ್ದು. ಎರಡನ್ನೂ ಬೇರೆ ಮಾಡುವುದು ಸುಲಭ. ಸ್ಪೀಕರ್ ಆಫ್ ಮಾಡಿ ಸಬ್ ಮಾತ್ರ ಹಾಡಿಸಿ. ಆಗಲೂ ಆ ಸ್ವರ ಬಡವಾಗಿದ್ದರೆ ತಪ್ಪು ಕೋಣೆಯಲ್ಲಿದೆ, ಫೇಸ್ ನಾಬನ್ನು ಎಷ್ಟು ತಿರುಗಿಸಿದರೂ ಅದು ತುಂಬುವುದಿಲ್ಲ. ಸಬ್ಬನ್ನು ಗೋಡೆಯುದ್ದಕ್ಕೂ ಸರಿಸಬೇಕು, ಇಲ್ಲವೇ ಕುರ್ಚಿಯನ್ನು. ಒಂಟಿಯಾಗಿ ಎರಡೂ ಚೆನ್ನಾಗಿದ್ದು, ಸೇರಿದಾಗ ಮಾತ್ರ ಬಡವಾದರೆ ಅದು ಫೇಸ್.

ಕೆಲಸದ ಕ್ರಮವೂ ಮುಖ್ಯ. ಸಬ್ ಇಡುವ ಜಾಗ, ಆಮೇಲೆ ಕ್ರಾಸ್‌ಓವರ್, ಆಮೇಲೆ ಫೇಸ್. ಕ್ರಾಸ್‌ಓವರ್ ನಾಬ್ ಮುಟ್ಟಿದರೆ ಫೇಸ್ ಕೂಡ ಬದಲಾಗುತ್ತದೆ, ಮತ್ತೆ ಮೊದಲಿನಿಂದ ಹುಡುಕಬೇಕು. ವಾಲ್ಯೂಮ್ ಮಾತ್ರ ಕೊನೆಯಲ್ಲಿ ನಿಮ್ಮ ರುಚಿಗೆ ತಕ್ಕಂತೆ ಎರಡು ಮೂರು ಡೆಸಿಬೆಲ್ ಏರಿಸಬಹುದು.

ಈಗ ನನ್ನ ಆಂಪ್ ಬದಲಾಗಿದೆ, ಇದರಲ್ಲಿ ಹೈಪಾಸ್ ಇದೆ. ಹಾಗಾಗಿ ಈಗ ನಾನೂ 80ರಲ್ಲೇ ಇದ್ದೇನೆ. ಸಬ್‌ನ ನಾಬ್ ಪೂರ್ತಿ 160ಕ್ಕೆ ಹೋಗಿದೆ, ಇಲ್ಲದಿದ್ದರೆ ಒಂದರ ಮೇಲೊಂದು ಎರಡು ಫಿಲ್ಟರ್ ಕೂರುತ್ತವೆ. ಲಾಭ ದೊಡ್ಡದು. ಅಷ್ಟೇ ಗಟ್ಟಿತನಕ್ಕೆ ಒಂದು ಆಕ್ಟೇವ್ ಕೆಳಗೆ ಹೋದರೆ ಕೋನ್ ನಾಲ್ಕು ಪಟ್ಟು ಅಲುಗಾಡಬೇಕು. ಆ ಹೊರೆ 5 ಇಂಚಿನ ವೂಫರ್‌ನಿಂದ ಇಳಿದ ಮೇಲೆ ಜೋರಾಗಿ ಕೇಳುವಾಗಲೂ ಹಾಡುಗಾರರ ದನಿ ತಿಳಿಯಾಗಿದೆ. ಫೇಸನ್ನು ಈಗ ಆಂಪ್‌ನ ಮೆನುವಿನಲ್ಲಿ ಸಬ್‌ನ ದೂರ ಬದಲಿಸಿ ಹೊಂದಿಸುತ್ತೇನೆ. 80 ಹರ್ಟ್ಸ್‌ನಲ್ಲಿ 30 ಸೆಂಟಿಮೀಟರ್ ಅಂದರೆ ಸುಮಾರು 25 ಡಿಗ್ರಿ. ವಿಧಾನ ಅದೇ, ಟೋನ್ ಮಾತ್ರ 80ರದ್ದು.

ಸಬ್ ಬಗ್ಗೆ ತಕರಾರು ಎರಡೇ. ಮೆಲ್ಲಗೆ ಕೇಳುವಾಗ ಆಟೋ ಮೋಡ್ ಅದನ್ನು ನಿದ್ದೆಗೆ ಕಳಿಸುತ್ತದೆ, ನಾನು ಯಾವಾಗಲೂ ಆನ್‌ನಲ್ಲಿ ಇಟ್ಟಿದ್ದೇನೆ. ಇನ್ನೊಂದು, ನಾಬ್‌ಗಳಿಗೆ ಕಚ್ಚು ಇಲ್ಲ, ಧೂಳು ಒರೆಸುವಾಗ ಜರುಗುತ್ತವೆ. ಬಿಳಿ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ.

ನಿಮ್ಮ ಸಬ್‌ನಲ್ಲಿ ಫೇಸ್‌ಗೆ ನಾಬ್ ಬದಲು 0 ಮತ್ತು 180ರ ಸ್ವಿಚ್ ಮಾತ್ರ ಇದ್ದರೆ, ಟೋನ್ ಹಾಕಿ ಎರಡರಲ್ಲಿ ಗಟ್ಟಿ ಕೇಳುವುದನ್ನು ಆರಿಸಿ. ಎರಡೂ ಒಂದೇ ಥರ ಕೇಳಿದರೆ ನೀವು ಸರಿಯಾಗಿ ಮಧ್ಯದಲ್ಲಿ, 90ರಲ್ಲಿ ಸಿಕ್ಕಿದ್ದೀರಿ. ಆಗ ಸಬ್ಬನ್ನು ಕುರ್ಚಿಯ ಕಡೆಗೋ ಅದರಿಂದ ದೂರಕ್ಕೋ ಅರ್ಧ ಮೀಟರ್ ಸರಿಸಿ ಮತ್ತೆ ಸ್ವಿಚ್ ಹಾಕಿ ನೋಡಿ.