ಎರಡನೆಯ ಕೋಣೆಯ ಟಿವಿಗೆ ಕೇಬಲ್ ಎಳೆಯುವ ಮುನ್ನ ಇದನ್ನು ಓದಿ

ಹಜಾರದ ಟಿವಿಯಲ್ಲಿ ಎಲ್ಲ ಚಾನೆಲ್‌ಗಳೂ ಸ್ವಚ್ಛವಾಗಿ ಬರುತ್ತಿದ್ದು, ಅದೇ ಕೇಬಲ್‌ನಿಂದ ಕವಲು ತೆಗೆದ ಇನ್ನೊಂದು ಕೋಣೆಯ ಟಿವಿಯಲ್ಲಿ ಕೆಲವು ಚಾನೆಲ್‌ಗಳು ಮಾತ್ರ ಚೌಕ ಚೌಕವಾಗಿ ಒಡೆದು ನಿಲ್ಲುತ್ತಿದ್ದರೆ, ದಯವಿಟ್ಟು ಟಿವಿಯನ್ನು ಅನುಮಾನಿಸಬೇಡಿ, ಆಂಪ್ಲಿಫಯರ್ ಕೊಳ್ಳಲು ಆತುರಪಡಬೇಡಿ. ನಾನು ಎರಡನ್ನೂ ಮಾಡಿದೆ. ಮೂರು ತಿಂಗಳು ಕಳೆದವು, ಒಂದು ಆಂಪ್ಲಿಫಯರ್ ವ್ಯರ್ಥವಾಗಿ ಪೆಟ್ಟಿಗೆ ಸೇರಿತು. ಕೊನೆಗೆ ತಪ್ಪು ಇದ್ದದ್ದು ನಾನೇ ನನ್ನ ಕೈಯಿಂದ ಜೋಡಿಸಿದ, ಕೇಬಲ್ ಅನ್ನು ಕವಲಾಗಿಸುವ ಎರಡು ಪುಟ್ಟ ಸ್ಪ್ಲಿಟರ್‌ಗಳಲ್ಲಿ ಮತ್ತು ಅಟ್ಟದಿಂದ ಇಳಿಸಿದ ಹಳೆಯ ಕೇಬಲ್‌ನಲ್ಲಿ ಎಂಬುದು ತಿಳಿಯಿತು.

ನಾನು ಮಾಡಿದ ಜೋಡಣೆಯನ್ನು ಮೊದಲು ಹೇಳುತ್ತೇನೆ. ಮನೆಯೊಳಗೆ ಬರುವ ಕೇಬಲ್ ಹಜಾರದ ಗೋಡೆಯ ಬಳಿ ಮುಗಿಯುತ್ತದೆ. ಎರಡು ಟಿವಿಗಳಿಗೆ ಎರಡು ಕವಲಿನ ಸ್ಪ್ಲಿಟರ್ ಸಾಕಾಗಿತ್ತು. ಆದರೆ ಮುಂದೊಂದು ದಿನ ಮೂರನೆಯ ಟಿವಿ ಬಂದರೂ ಬರಬಹುದೆಂಬ ದೂರಾಲೋಚನೆಯಿಂದ ಮೂರು ಕವಲಿನದ್ದನ್ನು ತಂದು ಹಾಕಿದೆ. ಅದರ ಒಂದು ಬಾಯಿಯನ್ನು ಹಜಾರದ ಟಿವಿಗೆ ಕೊಟ್ಟೆ, ಇನ್ನೊಂದರಿಂದ ಒಳಕೋಣೆಗೆ ಕೇಬಲ್ ಎಳೆದೆ, ಮೂರನೆಯದನ್ನು ತೆರೆದೇ ಬಿಟ್ಟೆ. ಒಳಕೋಣೆಗೆ ಹೋಗುವ ಹಳೆಯ ಕೇಬಲ್ ಎರಡು ತುಂಡಾಗಿತ್ತು. ಒಟ್ಟು ಉದ್ದ ಸುಮಾರು 30 ಮೀಟರ್. ಅವೆರಡನ್ನು ಸೇರಿಸಲು ನೇರ ಜೋಡುಗೊಳವೆ ಕೈಗೆ ಸಿಗದಿದ್ದುದರಿಂದ, ಮನೆಯಲ್ಲಿ ಬಿದ್ದಿದ್ದ ಎರಡು ಕವಲಿನ ಸ್ಪ್ಲಿಟರ್ ಒಂದನ್ನೇ ನಡುವೆ ಕೂರಿಸಿ ಅದರ ಒಂದು ಬಾಯಿಯನ್ನಷ್ಟೇ ಬಳಸಿದೆ. ಇನ್ನೊಂದು ಬಾಯಿಗೆ ಯಾವ ಟಿವಿಯನ್ನೂ ಹಾಕಿಲ್ಲವಾದ್ದರಿಂದ ನಷ್ಟವೇನೂ ಆಗದೆಂದು ನಂಬಿದ್ದೆ. ಈ ನಂಬಿಕೆಯೇ ಇಡೀ ಪ್ರಸಂಗದ ಮೂಲ.

ಮೊದಲ ಸಂಜೆ ಎಲ್ಲವೂ ಸರಿಯಿದ್ದಂತೆ ಕಂಡಿತು, ಏಕೆಂದರೆ ನಾವು ನೋಡಿದ ನಾಲ್ಕೈದು ಚಾನೆಲ್‌ಗಳು ಚೆನ್ನಾಗಿಯೇ ಬಂದವು. ಮರುದಿನ ಬೇರೆ ಚಾನೆಲ್‌ಗಳಿಗೆ ಹೋದಾಗ ಕೆಲವು ಒಡೆಯುತ್ತಿದ್ದವು, ಕೆಲವು ಸಿಗ್ನಲ್ ಇಲ್ಲವೆಂದೇ ತೋರಿಸುತ್ತಿದ್ದವು. ಹಳೆಯ ಅನಲಾಗ್ ಕಾಲದಲ್ಲಿ ಸಿಗ್ನಲ್ ಕುಗ್ಗಿದರೆ ಚಿತ್ರದ ಮೇಲೆ ಮೊದಲು ಚುಕ್ಕೆ ಚುಕ್ಕೆಯ ಮಳೆ ಸುರಿಯುತ್ತಿತ್ತು. ನೋಡಿದವರಿಗೆ ಕಾರಣ ಹೊಳೆಯುತ್ತಿತ್ತು. ಡಿಜಿಟಲ್ ಪ್ರಸಾರದಲ್ಲಿ ಆ ಮುನ್ಸೂಚನೆ ಇಲ್ಲ. ಒಂದು ಮಟ್ಟದವರೆಗೆ ಚಿತ್ರ ಕನ್ನಡಿಯಂತಿರುತ್ತದೆ, ಅದರಿಂದ, ಸಿಗ್ನಲ್‌ನ ಏರಿಳಿತವನ್ನು ಅಳೆಯುವ ಡೆಸಿಬೆಲ್ ಲೆಕ್ಕದಲ್ಲಿ, ಎರಡು ಮೂರು ಕೆಳಗಿಳಿದರೆ ಏನೂ ಉಳಿಯುವುದಿಲ್ಲ. ಆದ್ದರಿಂದಲೇ ನಾನು ಇದನ್ನು ಕೇಬಲ್‌ನ ದೋಷವೆಂದು ಎಣಿಸಲಿಲ್ಲ. ಕೇಬಲ್ ಕೆಟ್ಟಿದ್ದರೆ ಎಲ್ಲ ಚಾನೆಲ್‌ಗಳೂ ಕೆಡಬೇಕಲ್ಲವೇ ಎಂಬುದು ನನ್ನ ತರ್ಕವಾಗಿತ್ತು. ಚಾನೆಲ್‌ಗಳನ್ನು ಹಲವು ಬಾರಿ ಹೊಸದಾಗಿ ಹುಡುಕಿಸಿದೆ, ಪ್ರಯೋಜನವಾಗಲಿಲ್ಲ.

ಆಮೇಲೆ 20 ಡೆಸಿಬೆಲ್ ಹೆಚ್ಚಿಸುವ ಆಂಪ್ಲಿಫಯರ್ ತಂದು ಒಳಕೋಣೆಯ ಟಿವಿಯ ಬೆನ್ನಿಗೇ ಜೋಡಿಸಿದೆ. ಟಿವಿಯ ಮೆನುವಿನಲ್ಲಿ ಸಿಗ್ನಲ್‌ನ ಬಲವನ್ನು ತೋರಿಸುವ ಪಟ್ಟಿ ಅರ್ಧದಿಂದ ಎದ್ದು ತುದಿ ಮುಟ್ಟಿತು. ಆದರೆ ಅದರ ಕೆಳಗೇ ಇದ್ದ ಗುಣಮಟ್ಟದ ಪಟ್ಟಿ ಅಲುಗಾಡಲಿಲ್ಲ, ಚಿತ್ರ ಮೊದಲಿನಂತೆಯೇ ಒಡೆಯಿತು. ಈ ಎರಡು ಪಟ್ಟಿಗಳ ವ್ಯತ್ಯಾಸವನ್ನು ಆಗಲೇ ಅರಿತಿದ್ದರೆ ಉಳಿದ ಅಲೆದಾಟ ತಪ್ಪುತ್ತಿತ್ತು. ಟಿವಿಗೆ ಬೇಕಾದದ್ದು ಸಿಗ್ನಲ್ ಎಷ್ಟು ದೊಡ್ಡದು ಎಂಬುದಕ್ಕಿಂತ, ಅದು ತನ್ನೊಡನೆ ಬೆರೆಯುವ ಬೇಡದ ವಿದ್ಯುತ್ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬುದು. ದಾರಿಯುದ್ದಕ್ಕೂ ಸೊರಗಿ ಗದ್ದಲದ ಮಟ್ಟಕ್ಕೆ ಹತ್ತಿರವಾದ ಸಿಗ್ನಲ್ ಅನ್ನು ಕೊನೆಯಲ್ಲಿ ನಿಂತು ಹಿಗ್ಗಿಸಿದರೆ ಗದ್ದಲವೂ ಅಷ್ಟೇ ಹಿಗ್ಗುತ್ತದೆ. ಆಂಪ್ಲಿಫಯರ್ ತನ್ನ ಪಾಲಿನ ಒಂದಿಷ್ಟು ಗದ್ದಲವನ್ನು ಅದಕ್ಕೆ ಸೇರಿಸುತ್ತದೆ. ಬಲ ಏರಿ ಗುಣಮಟ್ಟ ಏರದಿದ್ದರೆ, ಆಂಪ್ಲಿಫಯರ್ ತಪ್ಪು ತುದಿಯಲ್ಲಿದೆ ಎಂದು ತಿಳಿಯಬಹುದು.

ಮೊದಲ ದಿನವೇ ಮಾಡಬೇಕಿದ್ದ ಪರೀಕ್ಷೆಯನ್ನು ನಾನು ಮೂರನೆಯ ತಿಂಗಳಲ್ಲಿ ಮಾಡಿದೆ. ಒಳಕೋಣೆಯ ಟಿವಿಯನ್ನು ಹೊತ್ತು ತಂದು ಹಜಾರದ ಕೇಬಲ್‌ಗೆ ಹಾಕಿದಾಗ ಒಡೆಯುತ್ತಿದ್ದ ಚಾನೆಲ್‌ಗಳೆಲ್ಲ ಸರಿಯಾಗಿ ಬಂದವು. ಹಜಾರದ ಟಿವಿಯನ್ನು ಒಳಕೋಣೆಗೆ ಒಯ್ದಾಗ ಅದರಲ್ಲಿಯೂ ಅದೇ ಚಾನೆಲ್‌ಗಳು ಒಡೆದವು. ಟಿವಿ ನಿರಪರಾಧಿ, ದೋಷ ದಾರಿಯಲ್ಲಿದೆ ಎಂಬುದು ಹತ್ತು ನಿಮಿಷದಲ್ಲಿ ಖಚಿತವಾಯಿತು. ಬಳಿಕ ಸಿಗ್ನಲ್ ಅಳೆಯುವ ಮೀಟರ್ ಇದ್ದ ಪರಿಚಿತ ತಂತ್ರಜ್ಞರೊಬ್ಬರನ್ನು ಕರೆಸಿದೆ. ನಡುವೆ ಕೂತಿದ್ದ ಆ ಸ್ಪ್ಲಿಟರ್ ಅನ್ನು ಕಂಡು ಅವರು, “ಇದನ್ನು ಯಾಕೆ ಹಾಕಿದ್ದೀರಿ?” ಎಂದು ಕೇಳಿದರು. ಜೋಡಣೆಗೆಂದು ಹೇಳಿದೆ. “ಇದು ಜೋಡಿಸುವ ಸಾಧನವಲ್ಲ ಸಾರ್, ಹಂಚುವ ಸಾಧನ. ತೆಗೆದುಕೊಳ್ಳುವವರು ಇಲ್ಲದಿದ್ದರೂ ಇದು ಹಂಚಿಯೇ ಹಂಚುತ್ತದೆ” ಎಂದರು.

ಅವರು ವಿವರಿಸಿದ್ದರ ಸಾರ ಹೀಗಿದೆ. ಎರಡು ಕವಲಿನ ಸ್ಪ್ಲಿಟರ್ ಬಂದ ಶಕ್ತಿಯನ್ನು ಎರಡು ಸಮಭಾಗ ಮಾಡುತ್ತದೆ. ಶಕ್ತಿ ಅರ್ಧವಾಗುವುದೆಂದರೆ 3 ಡೆಸಿಬೆಲ್ ಇಳಿಯುವುದು. ಸಾಧನದೊಳಗಿನ ಸಣ್ಣ ನಷ್ಟವೂ ಸೇರಿ ಪ್ರತಿ ಬಾಯಿಯಲ್ಲಿ ಸುಮಾರು 3.5 ಡೆಸಿಬೆಲ್ ಕಡಿಮೆಯಾಗಿ ಹೊರಬರುತ್ತದೆ. ಒಂದು ಬಾಯಿ ಖಾಲಿಯಿದ್ದರೆ ಅದರ ಪಾಲು ಇನ್ನೊಂದಕ್ಕೆ ಹೋಗುವುದಿಲ್ಲ. ಮೂರು ಕವಲಿನದ್ದು ಸಾಮಾನ್ಯವಾಗಿ ಒಳಗೆ ಎರಡು ಸ್ಪ್ಲಿಟರ್‌ಗಳನ್ನು ಒಂದರ ಹಿಂದೊಂದು ಇಟ್ಟು ಮಾಡಿದ್ದಾಗಿರುತ್ತದೆ. ಹೀಗಾಗಿ ಅದರ ಒಂದು ಬಾಯಿಯಲ್ಲಿ ನಷ್ಟ 3.5 ಆದರೆ, ಉಳಿದ ಎರಡರಲ್ಲಿ ತಲಾ 7 ಡೆಸಿಬೆಲ್. ಈ ಅಂಕಿಗಳು ಆಯಾ ಬಾಯಿಯ ಪಕ್ಕದಲ್ಲಿಯೇ ಅಚ್ಚಾಗಿರುತ್ತವೆ. ನನ್ನದರಲ್ಲಿಯೂ ಇದ್ದವು, ನಾನು ಓದಿರಲಿಲ್ಲ ಅಷ್ಟೆ. ಐದು ಹೆಜ್ಜೆ ದೂರದ ಹಜಾರದ ಟಿವಿಯನ್ನು 3.5ರ ಬಾಯಿಗೆ ಹಾಕಿ, 30 ಮೀಟರ್ ದೂರದ ಟಿವಿಯನ್ನು 7ರ ಬಾಯಿಗೆ ಹಾಕಿದ್ದೆ. ಹಸಿದವನ ತಟ್ಟೆಯಿಂದ ತೆಗೆದು ಹೊಟ್ಟೆ ತುಂಬಿದವನಿಗೆ ಬಡಿಸಿದಂತಾಗಿತ್ತು.

ಕೆಲವು ಚಾನೆಲ್‌ಗಳು ಮಾತ್ರ ಏಕೆ ಕೆಟ್ಟವು ಎಂಬುದಕ್ಕೆ ಉತ್ತರ ಕೇಬಲ್‌ನಲ್ಲಿತ್ತು. ಕೋಆಕ್ಸಿಯಲ್ ಕೇಬಲ್ ಎಲ್ಲ ಆವರ್ತನಗಳನ್ನೂ ಸಮನಾಗಿ ಕುಗ್ಗಿಸುವುದಿಲ್ಲ. ಆವರ್ತನ ಏರಿದಂತೆ ನಷ್ಟವೂ ಏರುತ್ತದೆ. ನಾನು ಹಾಕಿದ್ದು ಆರ್‌ಜಿ-59 ಎಂಬ ತೆಳುವಾದ ಬಗೆ. 30 ಮೀಟರ್ ಉದ್ದದಲ್ಲಿ ಅದು 200 ಮೆಗಾಹರ್ಟ್ಸ್‌ನ ಚಾನೆಲ್‌ಗೆ ಸುಮಾರು 3.5 ಡೆಸಿಬೆಲ್ ನಷ್ಟ ತಂದರೆ, 800 ಮೆಗಾಹರ್ಟ್ಸ್‌ನ ಚಾನೆಲ್‌ಗೆ ಸುಮಾರು 7.5 ತರುತ್ತದೆ. ಒಂದೇ ತಂತಿಯಲ್ಲಿ ಸಾಗಿದರೂ ಮೇಲಿನ ಆವರ್ತನದವು ಹೆಚ್ಚು ದಣಿದು ಬರುತ್ತವೆ. ನನ್ನಲ್ಲಿ ಒಡೆಯುತ್ತಿದ್ದವುಗಳ ಆವರ್ತನವನ್ನು ಮೆನುವಿನಲ್ಲಿ ತೆಗೆದು ನೋಡಿದಾಗ ಅವೆಲ್ಲವೂ ಪಟ್ಟಿಯ ಮೇಲ್ತುದಿಯವೇ ಆಗಿದ್ದವು. ದೂರದ ಟಿವಿಯಲ್ಲಿ ಕೆಡುವ ಚಾನೆಲ್‌ಗಳು ಹೀಗೆ ಮೇಲಿನ ಆವರ್ತನದಲ್ಲಿ ಗುಂಪುಗೂಡಿದ್ದರೆ, ಕಾರಣ ಉದ್ದದ ನಷ್ಟವೆಂದು ಬಲವಾಗಿಯೇ ಅನುಮಾನಿಸಬಹುದು.

ಈಗ ಮೀಟರ್‌ನ ಲೆಕ್ಕ. ಅದು ಸಿಗ್ನಲ್ ಮಟ್ಟವನ್ನು ಡೆಸಿಬೆಲ್ ಮೈಕ್ರೋವೋಲ್ಟ್‌ನಲ್ಲಿ ತೋರಿಸುತ್ತದೆ. ಮನೆಯೊಳಗೆ ಬರುವ ತುದಿಯಲ್ಲಿ ಕೆಳಗಿನ ಚಾನೆಲ್ 64, ಮೇಲಿನ ಚಾನೆಲ್ 60 ಇತ್ತು, ತಕರಾರಿಲ್ಲದ ಮಟ್ಟ. ಮೇಲಿನ ಚಾನೆಲ್‌ನ 60ರಲ್ಲಿ ಮೊದಲ ಸ್ಪ್ಲಿಟರ್ 7 ಕಳೆದಾಗ 53 ಉಳಿಯಿತು, ಜೋಡಣೆಗೆಂದು ಹಾಕಿದ ಎರಡನೆಯದು 3.5 ಕಳೆದಾಗ 49.5 ಆಯಿತು, ಕೇಬಲ್ 7.5 ನುಂಗಿದ ಮೇಲೆ ಟಿವಿ ತಲುಪಿದ್ದು 42. ಒಟ್ಟು 18 ಡೆಸಿಬೆಲ್ ನಷ್ಟವೆಂದರೆ ಹೊರಟ ಶಕ್ತಿಯಲ್ಲಿ ಅರವತ್ತರಲ್ಲೊಂದು ಪಾಲು ಕೂಡ ಒಳಕೋಣೆಗೆ ಸೇರಲಿಲ್ಲ. ಕೆಳಗಿನ ಚಾನೆಲ್ ಅದೇ ದಾರಿಯಲ್ಲಿ 50ಕ್ಕೆ ಇಳಿದಿತ್ತು. ಇಲ್ಲಿನ ಪ್ರಸಾರಕ್ಕೆ 47ರ ಕೆಳಗೆ ಹೋಗದಂತೆ ನೋಡಿಕೊಳ್ಳಬೇಕೆಂದು ತಂತ್ರಜ್ಞರು ಹೇಳಿದರು. 50 ಬಂದದ್ದು ಬದುಕಿತು, 42 ಬಂದದ್ದು ಒಡೆಯಿತು.

ಪರಿಹಾರ ಸರಳವಾಗಿತ್ತು. ಎರಡೂ ಹಳೆಯ ಸ್ಪ್ಲಿಟರ್‌ಗಳನ್ನು ತೆಗೆದು, ಕೇಬಲ್ ಮನೆಯೊಳಗೆ ಬರುವಲ್ಲಿ ಎರಡು ಕವಲಿನ ಒಂದೇ ಸ್ಪ್ಲಿಟರ್ ಹಾಕಿದೆವು. ಅಲ್ಲಿಂದ ಒಳಕೋಣೆಯವರೆಗೆ ನಡುವೆ ಜೋಡಣೆಯಿಲ್ಲದ, ದಪ್ಪನೆಯ ಆರ್‌ಜಿ-6 ಕೇಬಲ್ ಎಳೆದೆವು. ಅದೇ 30 ಮೀಟರ್‌ಗೆ ಮೇಲಿನ ಆವರ್ತನದಲ್ಲಿ ಅದರ ನಷ್ಟ ಸುಮಾರು 6 ಡೆಸಿಬೆಲ್. ಈಗ ಮೇಲಿನ ಚಾನೆಲ್ ಟಿವಿಯನ್ನು 50.5ರ ಆಸುಪಾಸಿನಲ್ಲಿ ತಲುಪುತ್ತಿದೆ, ಆಂಪ್ಲಿಫಯರ್ ಇಲ್ಲದೆಯೇ. ಗಮನಿಸಿ: ಗಳಿಸಿದ ಎಂಟೂವರೆಯಲ್ಲಿ ಏಳು ಬಂದದ್ದು ಸ್ಪ್ಲಿಟರ್‌ಗಳನ್ನು ಸರಿಪಡಿಸಿದ್ದರಿಂದ, ಕೇಬಲ್ ಬದಲಿಸಿದ್ದರಿಂದ ಬಂದದ್ದು ಒಂದೂವರೆ ಮಾತ್ರ. ಗೋಡೆ ಕೊರೆದು ಹೊಸ ಕೇಬಲ್ ಎಳೆಯುವ ಮೊದಲು ದಾರಿಯಲ್ಲಿರುವ ಸ್ಪ್ಲಿಟರ್‌ಗಳನ್ನು ಎಣಿಸಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಹಳೆಯ ತುದಿಯನ್ನು ಬಿಚ್ಚಿದಾಗ ಇನ್ನೊಂದು ವಿಷಯವೂ ಕಂಡಿತು. ತಿರುಗಿಸಿ ಕೂರಿಸುವ ಕನೆಕ್ಟರ್‌ನೊಳಗೆ ಹೊರಜಾಲರಿಯ ಒಂದು ಎಳೆ ನಡುತಂತಿಯ ಕಡೆಗೆ ಬಾಗಿ ಬಂದಿತ್ತು. ಅದು ತಾಗಿದ್ದರೆ ಸಿಗ್ನಲ್ ಪೂರ್ತಿ ಕಡಿದುಹೋಗುತ್ತಿತ್ತು. ಹೊಸ ತುದಿಗಳನ್ನು ಉಪಕರಣದಿಂದ ಒತ್ತಿ ಕೂರಿಸುವ ಕನೆಕ್ಟರ್‌ಗಳಿಂದ ಮಾಡಿಸಿದೆ. ಸ್ಪ್ಲಿಟರ್‌ನಲ್ಲಿ ಬಾಯಿ ಖಾಲಿ ಉಳಿಯುವುದಾದರೆ ಅದಕ್ಕೆ 75 ಓಮ್‌ನ ಮುಚ್ಚಳ ಹಾಕಬೇಕು; ತೆರೆದ ಬಾಯಿಯಿಂದ ಸಿಗ್ನಲ್ ಮರಳಿ ಪ್ರತಿಫಲಿಸಿ ಕೆಲವು ಚಾನೆಲ್‌ಗಳನ್ನು ಕೆಡಿಸಬಹುದು. ಉಪಗ್ರಹದ ಡಿಶ್‌ನಿಂದ ಬರುವ ಕೇಬಲ್‌ಗೆ ಮಾತ್ರ ಈ ಬರಹದ ಲೆಕ್ಕವನ್ನು ಅನ್ವಯಿಸಬೇಡಿ. ಅಲ್ಲಿ ಅದೇ ತಂತಿಯಲ್ಲಿ ಬಾಕ್ಸ್‌ನಿಂದ ಡಿಶ್‌ಗೆ ವಿದ್ಯುತ್ತೂ ಆದೇಶಗಳೂ ಹೋಗುತ್ತಿರುತ್ತವೆ. ಸಾಧಾರಣ ಸ್ಪ್ಲಿಟರ್‌ನಿಂದ ಎರಡು ಬಾಕ್ಸ್‌ಗಳು ಸ್ವತಂತ್ರವಾಗಿ ನಡೆಯುವುದಿಲ್ಲ.

ಮೂರನೆಯ ಟಿವಿಯ ಆಸೆ ಇನ್ನೂ ಇದೆ. ಅದಕ್ಕೆ ಇನ್ನೊಂದು ಕವಲು ತೆಗೆದರೆ ಒಳಕೋಣೆಯ ಮೇಲಿನ ಚಾನೆಲ್ ಮತ್ತೆ 3.5 ಇಳಿದು 47ಕ್ಕೆ, ಅಂದರೆ ಅಂಚಿಗೇ ಬಂದು ನಿಲ್ಲುತ್ತದೆ. ಆಗ ಆಂಪ್ಲಿಫಯರ್ ನಿಜವಾಗಿಯೂ ಬೇಕಾಗುತ್ತದೆ. ಆದರೆ ಅದು ಸಿಗ್ನಲ್ ಇನ್ನೂ ಶುದ್ಧವಾಗಿರುವಾಗಲೇ, ಮೊದಲ ಸ್ಪ್ಲಿಟರ್‌ಗಿಂತ ಮುಂಚೆಯೇ ಕೂರಬೇಕು. ಪೆಟ್ಟಿಗೆಯಲ್ಲಿರುವ 20ರದ್ದು ಅಲ್ಲಿಗೆ ಹೊಂದುವುದಿಲ್ಲ. 64ಕ್ಕೆ 20 ಸೇರಿ 84 ಆಗಿ, ಹಜಾರದ ಟಿವಿಗೆ 80ರಷ್ಟು ಹೋದರೆ ಅದು ಅತಿಯಾಗಿ, ಈಗ ಚೆನ್ನಾಗಿರುವ ಟಿವಿಯೇ ಒಡೆಯಲು ಶುರುವಾಗಬಹುದು. 10 ಡೆಸಿಬೆಲ್‌ನದ್ದು ಸಾಕೆಂದು ತಂತ್ರಜ್ಞರು ಬರೆದುಕೊಟ್ಟು ಹೋಗಿದ್ದಾರೆ.