ಕ್ಲಚ್ ಮೋಟಾರಾ, ಸರ್ವೋ ಮೋಟಾರಾ? ಒಂದೇ ಮಷೀನಿಗೆ ಎರಡನ್ನೂ ಹಾಕಿ ನೋಡಿದ್ದು

ನನ್ನದು ಆಲ್ಟರೇಷನ್ ಕೆಲಸ. ಜೀನ್ಸ್ ಉದ್ದ ಕತ್ತರಿಸುವುದು, ಜಿಪ್ ಬದಲಿಸುವುದು, ನಡುನಡುವೆ ಕ್ಯಾನ್ವಾಸ್ ಬ್ಯಾಗು. ಇರುವುದು ಗಾರ್ಮೆಂಟ್ಸ್‌ನಿಂದ ಸೆಕೆಂಡ್ ಹ್ಯಾಂಡಾಗಿ ಬಂದ ಒಂದು ಸಿಂಗಲ್ ನೀಡಲ್ ಪವರ್ ಮಷೀನು. ಅದರ ಜೊತೆ ಅರ್ಧ ಎಚ್‌ಪಿ ಕ್ಲಚ್ ಮೋಟಾರು ಬಂದಿತ್ತು. ಆಮೇಲೆ ಅದೇ ಟೇಬಲ್ಲಿಗೆ 550 ವ್ಯಾಟಿನ ಸರ್ವೋ ಹಾಕಿದೆ. ಟೇಬಲ್ಲಿನ ಕೆಳಗಿನ ಮೂರು ಬೋಲ್ಟಿನ ತೂತು ಎರಡಕ್ಕೂ ಹೊಂದುತ್ತದೆ, ಹೊಸದಾಗಿ ಕೊರೆಯಬೇಕಾಗಲಿಲ್ಲ. ಮಷೀನು ಅದೇ, ಸೂಜಿ ಅದೇ, ಬಟ್ಟೆಯೂ ಅದೇ ಆದ್ದರಿಂದ ಹೋಲಿಸುವುದು ಸುಲಭವಾಯಿತು.

ಮೊದಲು ವೇಗದ ಹಿಡಿತ. ಕ್ಲಚ್ ಮೋಟಾರಿನಲ್ಲಿ ಸ್ವಿಚ್ ಹಾಕಿದ ಕ್ಷಣದಿಂದ ಒಳಗಿನ ಭಾರದ ಚಕ್ರ ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುತ್ತಲೇ ಇರುತ್ತದೆ. ಪೆಡಲ್ ಒತ್ತಿದಾಗ ಕಾರ್ಕ್ ಅಂಟಿಸಿದ ಒಂದು ತಟ್ಟೆ ಹೋಗಿ ಆ ಚಕ್ರಕ್ಕೆ ತಾಗುತ್ತದೆ. ಪೂರ್ತಿ ತಾಗಿದರೆ ಪೂರ್ತಿ ವೇಗ. ನಿಧಾನವಾಗಿ ಹೊಲಿಯಬೇಕೆಂದರೆ ತಟ್ಟೆಯನ್ನು ಅರ್ಧಂಬರ್ಧ ಉಜ್ಜಿಸುತ್ತಾ ಇರಬೇಕು. ಗಾರ್ಮೆಂಟ್ಸ್‌ನಲ್ಲಿ ಪಳಗಿದವರ ಕಾಲು ಇದನ್ನು ಸಲೀಸಾಗಿ ಮಾಡುತ್ತದೆ, ಒಂದೊಂದೇ ಹೊಲಿಗೆ ಹಾಕಿ ನಿಲ್ಲಿಸುತ್ತಾರೆ. ಹೊಸಬರು ಕೂತರೆ ಮಾತ್ರ ಬಟ್ಟೆ ಸರ್ ಅಂತ ಓಡಿಹೋಗುತ್ತದೆ.

ಇದಕ್ಕೆ ಖರ್ಚಿಲ್ಲದ ಒಂದು ಉಪಾಯವಿದೆ. ಪೆಡಲಿನ ಕಂಬಿ ಮೋಟಾರಿನ ಲಿವರಿಗೆ ಸಿಕ್ಕಿಸುವ ಜಾಗವನ್ನು ಲಿವರಿನ ತುದಿಯ ಕಡೆಗೆ ಸರಿಸಿ. ಆಗ ಪೆಡಲ್ ಜಾಸ್ತಿ ದೂರ ಇಳಿದರೂ ತಟ್ಟೆ ಸರಿಯುವುದು ಸ್ವಲ್ಪವೇ. ಕಾಲಿಗೆ ಹಿಡಿತ ಸಿಗುತ್ತದೆ. ಆದರೂ ಕಾರ್ಕ್ ಸವೆದು ನುಣುಪಾದರೆ ಅಥವಾ ಎಣ್ಣೆ ಕುಡಿದರೆ ಮತ್ತೆ ಜಗ್ಗಾಟ ಶುರು.

ಸರ್ವೋದಲ್ಲಿ ಈ ತಾಪತ್ರಯ ಇಲ್ಲ. ಅದು ಪೆಡಲ್ ತುಳಿದಾಗ ಮಾತ್ರ ತಿರುಗುತ್ತದೆ, ವೇಗ ಹಿಡಿದಿಡುವುದು ಜೊತೆಗಿರುವ ಕಂಟ್ರೋಲ್ ಡಬ್ಬಿ. ಗರಿಷ್ಠ ವೇಗವನ್ನು ಡಬ್ಬಿಯ ಬಟನ್ನಿನಲ್ಲೇ ಇಳಿಸಿಟ್ಟರೆ ಪೆಡಲ್ ಪೂರ್ತಿ ತುಳಿದರೂ ಮಷೀನು ಅದನ್ನು ದಾಟುವುದಿಲ್ಲ. ಕಲಿಯುವವರಿಗೆ ಇದೊಂದೇ ಸಾಕು. ಒಂದು ವಿಷಯ ಗಮನಿಸಿ: ನನ್ನ ಡಬ್ಬಿಯಲ್ಲಿ ಕಾಣುವ ಸಂಖ್ಯೆ ಮೋಟಾರಿನ ಸುತ್ತು, ಸೂಜಿಯದಲ್ಲ. ಸೂಜಿಯ ವೇಗ ಪುಲ್ಲಿಯ ಅಳತೆಯ ಮೇಲೆ ಹೋಗುತ್ತದೆ.

ಸದ್ದಿನ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಹೊಲಿಯುವಾಗ ಎರಡರದ್ದೂ ಹೆಚ್ಚುಕಮ್ಮಿ ಒಂದೇ, ಆ ಗಲಾಟೆ ಮಷೀನಿನದು. ವ್ಯತ್ಯಾಸ ಗೊತ್ತಾಗುವುದು ಕೈ ನಿಂತಾಗ. ಕ್ಲಚ್ ಮೋಟಾರು ದಿನವಿಡೀ ಗುಂಯ್ ಅನ್ನುತ್ತದೆ, ಟೇಬಲ್ಲಿನ ಹಲಗೆಯೂ ಅದಕ್ಕೆ ದನಿಗೂಡಿಸುತ್ತದೆ. ಸರ್ವೋ ಸುಮ್ನೆ ಇರುತ್ತದೆ. ಮನೆಯಲ್ಲೇ ಹೊಲಿಯುವವರಿಗೆ, ಪಕ್ಕದ ಕೋಣೆಯಲ್ಲಿ ಮಗು ಮಲಗಿದ್ದರೆ, ಇದು ದೊಡ್ಡ ವಿಷಯವೇ. ಇನ್ನೊಂದು ಎಚ್ಚರಿಕೆ: ಕ್ಲಚ್ ಮೋಟಾರಿನ ಸ್ವಿಚ್ ಆರಿಸಿದ ಮೇಲೂ ಆ ಭಾರದ ಚಕ್ರ ಸ್ವಲ್ಪ ಹೊತ್ತು ತಿರುಗುತ್ತದೆ. ಆಗ ಪೆಡಲ್ ಮೇಲೆ ಕಾಲು ಬಿದ್ದರೆ ಸೂಜಿ ಇಳಿಯುತ್ತದೆ. ದಾರ ಪೋಣಿಸುವ ಮುಂಚೆ ಅದು ಪೂರ್ತಿ ನಿಲ್ಲಲಿ.

ಕರೆಂಟಿನ ಲೆಕ್ಕಕ್ಕೆ ಬರೋಣ. ಪ್ಲಗ್‌ಗೆ ಸಿಕ್ಕಿಸುವ ಮೀಟರ್ ಹಾಕಿ ನೋಡಿದರೆ, ಹೊಲಿಯದೇ ಸುಮ್ಮನೆ ತಿರುಗುವಾಗ ನನ್ನ ಕ್ಲಚ್ ಮೋಟಾರು 150 ವ್ಯಾಟಿನ ಆಸುಪಾಸು ಎಳೆಯುತ್ತಿತ್ತು. ಸರ್ವೋ ಹತ್ತು ವ್ಯಾಟಿನೊಳಗೇ. ದಿನಕ್ಕೆ 8 ಗಂಟೆ ಸ್ವಿಚ್ ಹಾಕಿದ್ದರೂ ನನ್ನ ಕೆಲಸದಲ್ಲಿ ಸೂಜಿ ಆಡುವುದು ಹೆಚ್ಚೆಂದರೆ 2 ಗಂಟೆ. ಉಳಿದದ್ದು ಬಿಚ್ಚುವುದು, ಗುರುತು ಹಾಕುವುದು, ಗಿರಾಕಿಯ ಜೊತೆ ಮಾತು. ಆ 6 ಗಂಟೆಗೆ ಕ್ಲಚ್ ಮೋಟಾರು 0.9 ಯೂನಿಟ್ ತಿನ್ನುತ್ತದೆ. ತಿಂಗಳಿಗೆ 25 ದಿನ ಅಂದರೆ 22 ಯೂನಿಟ್ಟಿನ ಮೇಲಾಯಿತು. ಯೂನಿಟ್ಟಿಗೆ 8 ರೂಪಾಯಿ ಅಂತ ಹಿಡಿದರೂ 180 ರೂಪಾಯಿ. ಸರ್ವೋಗೆ 6,000 ಕೊಟ್ಟಿದ್ದೀರಿ ಅಂದುಕೊಳ್ಳಿ, ಬರೀ ಕರೆಂಟಿನಿಂದ ಆ ದುಡ್ಡು ವಾಪಸ್ ಬರಲು ಮೂರು ವರ್ಷ ಬೇಕು. ಅಂಗಡಿಯವರು ಹೇಳುವಷ್ಟು ಬೇಗ ಬರುವುದಿಲ್ಲ. ಹತ್ತು ಮಷೀನು ಇಟ್ಟವರು ತಿಂಗಳ ಬಿಲ್ಲಿನಲ್ಲಿ ನೋಡಿ ಖುಷಿಪಡಬಹುದು, ಒಂದು ಮಷೀನಿನವರು ಬೇರೆ ಕಾರಣಕ್ಕೇ ತಗೋಬೇಕು. ಆ ಕಾರಣಗಳಲ್ಲಿ ಇನ್ವರ್ಟರ್ ಒಂದು. ಕ್ಲಚ್ ಮೋಟಾರು ಶುರುವಾಗುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಚಿಕ್ಕ ಇನ್ವರ್ಟರ್ ಅಲ್ಲೇ ಕೈಚೆಲ್ಲುತ್ತದೆ.

ಇಷ್ಟರವರೆಗೆ ಸರ್ವೋನೇ ಮುಂದೆ, ಅಲ್ವಾ? ಅದು ತಿಣುಕುವುದು ನಿಧಾನದ ಬಲದಲ್ಲಿ.

ಜೀನ್ಸಿನ ಕೆಳಮಡಿಕೆಯನ್ನೇ ತಗೊಳ್ಳಿ. ಎರಡು ಸಲ ಮಡಚಿದರೆ ಎಲ್ಲ ಕಡೆ ಮೂರು ಪದರ. ಆದರೆ ಒಂದಕ್ಕೊಂದು ಮಡಿಕೆ ಹಾಕಿ ಡಬಲ್ ಹೊಲಿಗೆ ಬಿಟ್ಟಿರುವ ಕಾಲಿನ ಜೋಡಣೆಯಲ್ಲಿ ಮೊದಲೇ ನಾಲ್ಕು ಪದರ ಇರುತ್ತದೆ. ಅದು ಮೂರಾಗಿ ಮಡಚಿದಾಗ 12 ಪದರ. 18 ನಂಬರಿನ ಸೂಜಿ ಹಾಕಿ, ಈ ಗುಡ್ಡದ ಬುಡಕ್ಕೆ ಬಂದು, ನಿಧಾನವಾಗಿ ಹತ್ತಬೇಕು.

ಕ್ಲಚ್ ಮೋಟಾರಿನಲ್ಲಿ ಸ್ವಲ್ಪ ತುಳಿದರೆ ತಟ್ಟೆ ಬರೀ ಉಜ್ಜುತ್ತದೆ, ಸೂಜಿ ಬಟ್ಟೆಯ ಮೇಲೇ ನಿಂತಿರುತ್ತದೆ. ಇನ್ನೊಂಚೂರು ತುಳಿದರೆ ತಿರುಗುತ್ತಿರುವ ಚಕ್ರದ ಶಕ್ತಿಯೆಲ್ಲ ಒಮ್ಮೆಲೇ ಬಂದು ಸೂಜಿ ದಢ್ ಅಂತ ಇಳಿಯುತ್ತದೆ. 12 ಪದರ ಅದಕ್ಕೆ ಲೆಕ್ಕವೇ ಅಲ್ಲ. ಆದರೆ ಅದರ ಹಿಂದೆಯೇ ಇನ್ನೂ ಐದಾರು ಹೊಲಿಗೆ ಬಿದ್ದಿರುತ್ತದೆ. ಬಟ್ಟೆ ಎಳೆದು ಹಿಡಿದಿದ್ದರೆ ಸೂಜಿ ಬಾಗಿ ಪ್ಲೇಟಿಗೆ ಬಡಿದು ಮುರಿಯುತ್ತದೆ.

ಸರ್ವೋದಲ್ಲಿ ಅದೇ ಜಾಗಕ್ಕೆ ಬಂದು ಮೆಲ್ಲಗೆ ತುಳಿದರೆ ಸೂಜಿ ಅರ್ಧಕ್ಕೆ ಇಳಿದು ನಿಂತುಬಿಡುತ್ತದೆ. ಮೋಟಾರು ಸಣ್ಣಗೆ ಕುಂಯ್‌ಗುಟ್ಟುತ್ತದೆ, ಆಮೇಲೆ ಡಬ್ಬಿಯಲ್ಲಿ ಎರರ್ ಕಾಣಿಸುತ್ತದೆ. ಸ್ವಿಚ್ ಆರಿಸಿ ಹಾಕಬೇಕು. ಇದರಲ್ಲಿ ಕೂಡಿಟ್ಟ ಶಕ್ತಿಯ ಭಾರದ ಚಕ್ರ ಇಲ್ಲ. ವೇಗ ಕುಸಿದದ್ದು ಗೊತ್ತಾದ ಮೇಲೆ ಡಬ್ಬಿ ಕರೆಂಟ್ ಏರಿಸಬೇಕು. ನಿಧಾನವಾಗಿ ತಿರುಗುವಾಗ ಸೆನ್ಸರಿನಿಂದ ಸುದ್ದಿ ಬರುವುದೂ ತಡ. 550 ವ್ಯಾಟ್ ಅನ್ನುವುದು ಮೋಟಾರು ಜೋರಾಗಿ ತಿರುಗುವಾಗಿನ ಮಾತು, 200 ಸುತ್ತಿನಲ್ಲಿ ಅಷ್ಟು ಸಿಗುವುದಿಲ್ಲ. ಹಾಗಾಗಿ 750 ವ್ಯಾಟಿನದು ತಂದರೆ ಎಲ್ಲ ಸರಿಹೋಗುತ್ತದೆ ಅನ್ನುವಂತಿಲ್ಲ.

ದಾರಿ ಇರುವುದು ಪುಲ್ಲಿಯಲ್ಲಿ. ನನ್ನ ಮಷೀನಿನ ಪುಲ್ಲಿ 75 ಮಿ.ಮೀ. ಸರ್ವೋ ಜೊತೆ ಬಂದ ಪುಲ್ಲಿಯೂ ಅಷ್ಟೇ ಇತ್ತು. ಅದನ್ನು ಬಿಚ್ಚಿ 45 ಮಿ.ಮೀ.ದು ಹಾಕಿದೆ. ಈಗ ಮೋಟಾರು ಐದು ಸುತ್ತು ತಿರುಗಿದರೆ ಮಷೀನು ಮೂರೇ ಸುತ್ತು. ಸೂಜಿಯ ಬಲ ಒಂದೂ ಮುಕ್ಕಾಲು ಪಟ್ಟಿಗೆ ಹತ್ತಿರ ಏರಿತು. ಸೂಜಿ ಅಷ್ಟೇ ನಿಧಾನಕ್ಕೆ ಹೋಗುವಾಗಲೂ ಮೋಟಾರು ಮೊದಲಿಗಿಂತ ಜೋರಾಗಿ ತಿರುಗುತ್ತಿರುತ್ತದೆ, ಅಲ್ಲಿ ಅದಕ್ಕೆ ದಮ್ಮು ಜಾಸ್ತಿ. ಶುರುವಿನ ವೇಗವನ್ನೂ ಡಬ್ಬಿಯಲ್ಲಿ ಸ್ವಲ್ಪ ಏರಿಸಿದೆ. 12 ಪದರದ ಗುಡ್ಡವನ್ನು ಈಗ ಒಂದೊಂದೇ ಹೊಲಿಗೆಯಾಗಿ ದಾಟುತ್ತದೆ. ಗರಿಷ್ಠ ವೇಗ ಬಿದ್ದುಹೋಯಿತು, ನಿಜ. ಆಲ್ಟರೇಷನ್ನಿಗೆ ಅಷ್ಟು ಓಟ ಯಾರಿಗೆ ಬೇಕು?

ಪುಲ್ಲಿ ಚಿಕ್ಕದಾದಾಗ ಬೆಲ್ಟ್ ಸಡಿಲವಾಗುತ್ತದೆ. ಮೋಟಾರನ್ನು ಬ್ರಾಕೆಟ್ಟಿನಲ್ಲಿ ಕೆಳಗಿಳಿಸಿ ಬಿಗಿಮಾಡಿ, ಸಾಲದಿದ್ದರೆ ಚಿಕ್ಕ ಬೆಲ್ಟ್ ಹಾಕಿ. ಬೆಲ್ಟ್ ಜಾರಿದರೆ ಗಳಿಸಿದ ಬಲವೆಲ್ಲ ಅಲ್ಲೇ ಹೋಯಿತು. ಬೆಲ್ಟ್ ಒತ್ತಿದಾಗ ಬೆರಳಿನ ದಪ್ಪದಷ್ಟು ಒಳಗೆ ಹೋಗಬೇಕು, ಅಷ್ಟೇ. ದಪ್ಪ ಚರ್ಮ ಹೊಲಿಯುವವರಿಗೆ ಪುಲ್ಲಿಯೊಂದೇ ಸಾಲದು, ನಡುವೆ ವೇಗ ಇಳಿಸಿ ಬಲ ಏರಿಸುವ ಮೂರಕ್ಕೊಂದರ ರೆಡ್ಯೂಸರ್ ಬೇಕಾಗುತ್ತದೆ.

ಬಿಚ್ಚಿದ ಕ್ಲಚ್ ಮೋಟಾರನ್ನು ಗುಜರಿಗೆ ಹಾಕಲಿಲ್ಲ. ತಿರುಗುವ ದಿಕ್ಕು ಸರಿ ಮಾಡಿಸಿ ಓವರ್‌ಲಾಕ್ ಮಷೀನಿಗೆ ಹಾಕಿದ್ದೇನೆ. ಓವರ್‌ಲಾಕ್‌ನಲ್ಲಿ ನಿಧಾನದ ಮಾತೇ ಇಲ್ಲ, ಪೆಡಲ್ ಪೂರ್ತಿ ತುಳಿದು ಅಂಚು ಮುಗಿಸುವುದು, ಸ್ವಿಚ್ ಆರಿಸುವುದು.